ಆಟಿಯ ಚಿನ್ನ, ಸೆಪ್ಟೆಂಬರಿನ ಚಿನ್ನ: ಎರಡು ಸಲ ಏಮಾರಿದ ಕಥೆ

ಬದಿಯಡ್ಕದ ಕಡೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಚಿನ್ನದ ಸಾಲದ ಮೇಜಿನಲ್ಲಿ ಕೂತು ನಾನು ನಿವೃತ್ತನಾದೆ. ದಿನಾ ಬೆಳಿಗ್ಗೆ ಮಾಡುತ್ತಿದ್ದ ಮೊದಲ ಕೆಲಸ, ಕೇರಳದ ವ್ಯಾಪಾರಿಗಳ ಸಂಘ ಹೊರಡಿಸುವ ಪವನಿನ ದರವನ್ನು ಬೋರ್ಡಿನಲ್ಲಿ ಬರೆಯುವುದು. ನಮ್ಮಲ್ಲಿ ಗ್ರಾಮಿನ ಲೆಕ್ಕ ಕಾಗದದಲ್ಲಿ ಮಾತ್ರ. ಬಾಯಲ್ಲಿ ಬರುವುದು ಪವನೇ, ಅಂದರೆ 8 ಗ್ರಾಂ. ಅದೇ ದರವನ್ನು ನನ್ನ ಡೈರಿಯಲ್ಲೂ ಗೀಚಿಡುವ ಚಟ 2013ರಿಂದ ಇದೆ. ಅದನ್ನು ನಂಬಿಕೊಂಡೇ ದೊಡ್ಡ ಮಗಳ ಮದುವೆಗೆ 24 ಪವನ್ ಕೊಳ್ಳಲು ಇಳಿದೆ. 2025ರ ಫೆಬ್ರವರಿಯಲ್ಲಿ ಮದುವೆ, ಕೈಯಲ್ಲಿ ಏಳು ತಿಂಗಳು.

ನಮ್ಮ ಕಡೆಯ ಲೆಕ್ಕ ಎಲ್ಲರಿಗೂ ಗೊತ್ತು. ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮದುವೆ ಇಲ್ಲ, ಅಂಗಡಿಗಳಲ್ಲಿ ಜನ ಇಲ್ಲ. ಸೋಣ ಹುಟ್ಟಿದರೆ ಓಣಂ, ಮದುವೆಗಳ ಸಾಲು, ಆಮೇಲೆ ದೀಪಾವಳಿ. ಹಾಗಾಗಿ ಆಟಿಯಲ್ಲಿ ಅಗ್ಗ, ಆಮೇಲೆ ಏರು. ಕೇಳುವುದಕ್ಕೆ ಎಷ್ಟು ಸರಿಯಾಗಿದೆ! ಆಟಿ ಹುಟ್ಟಿದ ಮರುದಿನವೇ 8 ಪವನ್ ತಂದೆ. ಪವನಿಗೆ ಸುಮಾರು 55 ಸಾವಿರ.

ಒಂದು ವಾರ ಕಳೆಯಲಿಲ್ಲ, ಜುಲೈ 23ಕ್ಕೆ ಕೇಂದ್ರ ಬಜೆಟ್ ಬಂತು. ಚಿನ್ನದ ಆಮದು ಸುಂಕ ಶೇ. 15ರಿಂದ 6ಕ್ಕೆ ಇಳಿಯಿತು. ಅದೇ ದಿನ ಪವನಿಗೆ 2 ಸಾವಿರ ಬಿತ್ತು, ಮುಂದಿನ ದಿನಗಳಲ್ಲಿ ಇನ್ನೂ ಬಿದ್ದು 51 ಸಾವಿರದ ಆಸುಪಾಸಿಗೆ ಬಂತು. ನನಗೆ ಪವನಿಗೆ ಹತ್ತಿರ ಹತ್ತಿರ 4 ಸಾವಿರ ನಷ್ಟ, ಎಂಟಕ್ಕೆ 32 ಸಾವಿರ. ಭಾವ ಬಂದು, "ನೋಡಿದಿರಾ ಭಾವ, ಆಟಿಯಲ್ಲಿ ಇಳಿಯುತ್ತದೆ ಅಂತ ಹೇಳಿರಲಿಲ್ಲವಾ?" ಅಂದರು. ಹೇಳಿದ್ದು ನಿಜ, ಇಳಿದದ್ದೂ ನಿಜ. ಇಳಿಸಿದ್ದು ಮಾತ್ರ ಆಟಿಯಲ್ಲ.

ಆ ರಾತ್ರಿ ಡೈರಿ ತೆಗೆದು ಕೂತಾಗ ನನ್ನ ತಪ್ಪು ಕಂಡಿತು. ನಾನು ಬರೆದಿಟ್ಟದ್ದು ಒಂದು ದರವಲ್ಲ, ಒಂದಕ್ಕೊಂದು ಅಂಟಿಕೊಂಡ ಮೂರು ದರ. ಲಂಡನ್ನಿನಲ್ಲಿ ಡಾಲರಿನಲ್ಲಿ ಚಿನ್ನದ ಬೆಲೆ, ಡಾಲರಿಗೆ ರೂಪಾಯಿ ಎಷ್ಟೆಂಬುದು, ಮೇಲೆ ಸುಂಕ. ಈ ಮೂರರಲ್ಲಿ ಎರಡಕ್ಕೆ ಆಟಿಯೂ ಗೊತ್ತಿಲ್ಲ, ಸೋಣವೂ ಗೊತ್ತಿಲ್ಲ. 2018ರಲ್ಲಿ ಜನವರಿಯಿಂದ ಸೆಪ್ಟೆಂಬರಿಗೆ ಡಾಲರಿನ ಲೆಕ್ಕದಲ್ಲಿ ಚಿನ್ನ ಶೇ. 10ರಷ್ಟು ಅಗ್ಗವಾಗಿತ್ತು. ಅಷ್ಟರಲ್ಲಿ ಡಾಲರ್ 64 ರೂಪಾಯಿಯ ಹತ್ತಿರದಿಂದ 72ಕ್ಕೆ ಹೋದದ್ದರಿಂದ ನಮ್ಮ ಬೋರ್ಡಿನಲ್ಲಿ ಆ ಇಳಿಕೆ ಕಾಣಲೇ ಇಲ್ಲ. ಋತುವಿನ ಗುಣ ಅಂತ ಒಂದಿದ್ದರೆ ಅದನ್ನು ಡಾಲರ್ ಬೆಲೆಯಲ್ಲೇ ಹುಡುಕಬೇಕು. ಬೋರ್ಡಿನ ದರದಲ್ಲಿ ಹುಡುಕಿದರೆ ಬಜೆಟ್ಟೂ ರಿಸರ್ವ್ ಬ್ಯಾಂಕೂ ಮಳೆಗಾಲದ ವೇಷ ಹಾಕಿಕೊಂಡು ಎದುರು ನಿಲ್ಲುತ್ತವೆ.

ಹುಡುಕಿದೆ. ಡಾಲರ್ ಬೆಲೆಯ ಮೇಲೆ ಡಿರ್ಕ್ ಬೌರ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದಿದೆ. 1980ರಿಂದ 2010ರವರೆಗಿನ ಬೆಲೆಗಳಲ್ಲಿ ಲೆಕ್ಕಕ್ಕೆ ನಿಲ್ಲುವಷ್ಟು ಏರಿಕೆ ಅವರಿಗೆ ಕಂಡದ್ದು ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ ಮತ್ತು ನವೆಂಬರ್. ನಮ್ಮ ಹಬ್ಬ, ಮದುವೆಗಳ ಬೇಡಿಕೆಯೂ ಇದಕ್ಕೆ ಕಾರಣವಿರಬಹುದು ಎನ್ನುತ್ತಾರೆ. ಸರಿ, ಆಮೇಲಿನ ವರ್ಷಗಳಲ್ಲಿ ಏನಾಯಿತು ಅಂತ ಆಗಸ್ಟ್ ಕೊನೆಯ ಬೆಲೆಯನ್ನೂ ಸೆಪ್ಟೆಂಬರ್ ಕೊನೆಯ ಬೆಲೆಯನ್ನೂ ಪಕ್ಕಪಕ್ಕ ಬರೆದೆ. 2017 ಇಳಿಕೆ. 2018 ಇಳಿಕೆ. 2019, 2020, 2021, 2022, 2023, ಎಲ್ಲ ಇಳಿಕೆ. ಸಾಲಾಗಿ ಏಳು ವರ್ಷ. ಏರುವ ತಿಂಗಳು ಅಂತ ಹೆಸರಾದದ್ದು ಬೀಳುವ ತಿಂಗಳಾಗಿತ್ತು.

ಇಲ್ಲಿ ನಾನು ಎರಡನೇ ಸಲ ಏಮಾರಿದೆ. ಸುಂಕ ಇಳಿದ ಮೇಲೆ, ಆಗಸ್ಟ್ ಮೊದಲ ವಾರದಲ್ಲಿ ಎರಡನೇ 8 ಪವನ್ 51 ಸಾವಿರದ ಸುಮಾರಿಗೆ ತಂದಿದ್ದೆ. ಅದು ಸರಿಯಾದ ಕೆಲಸ, ಆದರೆ ಆಟಿಯ ಲೆಕ್ಕ ನೋಡಿ ಮಾಡಿದ್ದಲ್ಲ. ಉಳಿದ ಎಂಟನ್ನು ಸೆಪ್ಟೆಂಬರ್ ಮೊದಲಿಗೆ ತರುವುದೆಂದು ಮನೆಯಲ್ಲಿ ಮಾತಾಗಿತ್ತು. ಆಗ ದರ 53 ಸಾವಿರದ ಮೇಲೆ. ನಾನು ತಡೆದೆ. "ಏಳು ವರ್ಷ ಬಿದ್ದಿದೆ, ಈ ಸಲವೂ ಬೀಳುತ್ತದೆ, ತಿಂಗಳ ಕೊನೆಗೆ ತರುವ." ಸೆಪ್ಟೆಂಬರ್ ಕೊನೆಗೆ ಪವನ್ 56 ಸಾವಿರ ದಾಟಿತ್ತು. ಎಂಟಕ್ಕೆ 24 ಸಾವಿರದ ಮೇಲೆ ಹೆಚ್ಚು ಕೊಟ್ಟೆ. ಹೆಂಡತಿ ಏನೂ ಹೇಳಲಿಲ್ಲ, ಡೈರಿಯನ್ನು ಅಟ್ಟಕ್ಕೆ ಹಾಕಿದಳು. 2025ರ ಸೆಪ್ಟೆಂಬರಂತೂ ಇದಕ್ಕಿಂತಲೂ ಜೋರಾಗಿ ಏರಿತು.

ಏಳಕ್ಕೆ ಏಳು ಬಂದರೂ ಅದು ಏನೂ ಅಲ್ಲ ಎನ್ನುವುದು ಹೇಗೆ? ಮಗಳಿಂದ ಎಕ್ಸೆಲ್ ಕಲಿತು ಒಂದು ಪರೀಕ್ಷೆ ಮಾಡಿದೆ. ಹನ್ನೆರಡು ವರ್ಷಗಳ ತಿಂಗಳುವಾರು ಏರಿಳಿತವನ್ನು ಹಾಕಿ, ಪ್ರತಿ ವರ್ಷದೊಳಗೆ ಹನ್ನೆರಡು ತಿಂಗಳನ್ನು `=RAND()` ಕೊಟ್ಟು ಇಸ್ಪೀಟು ಕಲಸಿದ ಹಾಗೆ ಕಲಸಿದೆ. ಈಗ ಯಾವ ತಿಂಗಳಿಗೂ ಅರ್ಥವಿಲ್ಲ. ಮೊದಲ ಕಾಲಮಿಗೆ ಜನವರಿ ಅಂತ ಹೆಸರಿಟ್ಟರೂ ಅದು ಜನವರಿಯಲ್ಲ. ಆದರೂ ಕಲಸಿದಷ್ಟು ಸಲವೂ ಒಂದಲ್ಲ ಒಂದು ಕಾಲಮು ಉಳಿದವಕ್ಕಿಂತ ಮೇಲೆದ್ದು ನಿಲ್ಲುತ್ತದೆ, ಸಾಮಾನ್ಯವಾಗಿ ಸರಾಸರಿಗಿಂತ ಶೇ. 2ರಷ್ಟು. ಕಾರಣ ಸರಳ. ಚಿನ್ನ ಯಾವ ತಿಂಗಳಲ್ಲಾದರೂ ಶೇ. 4ರಷ್ಟು ಆಚೀಚೆ ಓಲಾಡುವ ವಸ್ತು. ಹನ್ನೆರಡೇ ವರ್ಷದ ಸರಾಸರಿ ತೆಗೆದರೆ ಆ ಓಲಾಟ ಪೂರ್ತಿ ಸಾಯುವುದಿಲ್ಲ, ಶೇ. 1ಕ್ಕಿಂತ ಸ್ವಲ್ಪ ಹೆಚ್ಚು ಉಳಿದುಕೊಳ್ಳುತ್ತದೆ. ಅಂಥ ಹನ್ನೆರಡು ಅಂಕಿಗಳಲ್ಲಿ ದೊಡ್ಡದನ್ನೇ ಹೆಕ್ಕಿದರೆ ಶೇ. 2 ಸಿಗದೆ ಇನ್ನೇನು? ಯಾರಾದರೂ "ಇಂಥ ತಿಂಗಳು ಶೇ. 2 ಲಾಭ" ಅಂದರೆ, ಕಲಸಿದ ಹಾಳೆಯೂ ಅಷ್ಟೇ ಕೊಡುತ್ತದೆ ಎನ್ನುವುದು ನೆನಪಿರಲಿ. ಬೌರ್ ಅವರದು ಮೂವತ್ತು ವರ್ಷದ ಲೆಕ್ಕ, ನನ್ನ ಕಾಗದದ ಏಳಕ್ಕಿಂತ ಬಹಳ ಗಟ್ಟಿ. ಆದರೂ ಮುಂದಿನ ವರ್ಷಗಳಲ್ಲಿ ಅದು ನಿಲ್ಲಲಿಲ್ಲ.

ಹಾಗಾದರೆ ಆಟಿಯಲ್ಲಿ ಅಗ್ಗ ಎನ್ನುವ ಮಾತು ಪೂರಾ ಸುಳ್ಳೇ? ಅಲ್ಲ. ನಾನು ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ. ಆಗಸ್ಟಿನಲ್ಲಿ ತಂದದ್ದರಲ್ಲಿ 3 ಪವನಿನ ಒಂದು ನೆಕ್ಲೇಸು ಇತ್ತು. ಆ ಮಾದರಿಗೆ ಅಂಗಡಿಯವರು ಶೇ. 14 ಮಜೂರಿ ಹಾಕುವವರು, ಆಟಿ ಅಂತ 9ಕ್ಕೆ ಕೊಟ್ಟರು. 51 ಸಾವಿರದ ಪವನಿಗೆ ಶೇ. 5 ಅಂದರೆ 2,550, ಮೂರಕ್ಕೆ 7,650. ಬೋರ್ಡಿನ ದರ ಅಂಗಡಿಯವರ ಕೈಯಲ್ಲಿಲ್ಲ. ಮಜೂರಿ ಅವರ ಕೈಯಲ್ಲಿದೆ, ಅಂಗಡಿ ಖಾಲಿ ಇದ್ದಾಗ ಅದು ಬಗ್ಗುತ್ತದೆ. ಇನ್ನೊಂದು ಮುಂಗಡ ಬುಕಿಂಗ್. ಬುಕ್ ಮಾಡಿದ ದಿನ ಮತ್ತು ಒಡವೆ ಒಯ್ಯುವ ದಿನ, ಎರಡರಲ್ಲಿ ಕಡಿಮೆ ದರ ಹಾಕುತ್ತೇವೆ ಎನ್ನುವ ಕೊಡುಗೆ ಓಣಮ್ಮಿಗೂ ಅಕ್ಷಯ ತದಿಗೆಗೂ ಮೊದಲು ಬರುತ್ತದೆ. ಸೆಪ್ಟೆಂಬರ್ ಮೊದಲಿಗೆ ಅದನ್ನು ಹಿಡಿದಿದ್ದರೆ ನನ್ನ 24 ಸಾವಿರ ಉಳಿಯುತ್ತಿತ್ತು. ಇಂಥ ಬುಕಿಂಗಿನಲ್ಲಿ ಮಜೂರಿಯನ್ನೂ ಅದೇ ದಿನ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ದರದಲ್ಲಿ ಬಿಟ್ಟದ್ದನ್ನು ಮಜೂರಿಯಲ್ಲಿ ಎತ್ತಿಕೊಳ್ಳುತ್ತಾರೆ.

ಸಣ್ಣ ಮಗಳಿಗೆ ಇನ್ನು ಮೂರು ವರ್ಷ ಸಮಯವಿದೆ. ಮೂರು ತಿಂಗಳಿಗೊಮ್ಮೆ, ಯಾವ ತಿಂಗಳು ಅಂತ ನೋಡದೆ, ಒಂದೊಂದು ಪವನಿನ ನಾಣ್ಯ ತೆಗೆದಿಡುತ್ತಿದ್ದೇನೆ. ಒಡವೆ ಮಾಡಿಸುವುದು ಮಾತ್ರ ಆಟಿಯಲ್ಲಿ. ಮೊನ್ನೆ ಅಂಗಡಿಗೆ ಹೋದಾಗ ಮಾಲೀಕರು, "ದರ ಇನ್ನು ಇಳಿಯಬಹುದಾ ಅಣ್ಣ, ನೀವು ಲೆಕ್ಕ ಇಡುವವರಲ್ಲವಾ?" ಅಂತ ಕೇಳಿದರು. ನಾನು ಮಜೂರಿ ಎಷ್ಟೆಂದು ಕೇಳಿದೆ.