ಕೆಪ್ಯಾಸಿಟರ್ ಹಾಕಿಸಿದ ಮೇಲೆ ಹೆಸ್ಕಾಂಗೆ ಪತ್ರ ಬರೆಯುವುದು ಹೇಗೆ?

‘ಕೆಪ್ಯಾಸಿಟರ್ ಹಾಕ್ಸೀವಿ, ಆದ್ರೂ ಡಿಮ್ಯಾಂಡ್ ಚಾರ್ಜ್ ಇಳಿವಲ್ದು ನೋಡ್ರಿ.’ ತಾರಿಹಾಳದಲ್ಲಾಗಲಿ ಬೇಲೂರು ಕೈಗಾರಿಕಾ ಪ್ರದೇಶದಲ್ಲಾಗಲಿ ಸಣ್ಣ ಕಾರ್ಖಾನೆ ನಡೆಸುವವರ ಬಾಯಲ್ಲಿ ಬರುವ ಮಾತಿದು. ಅದರ ಬೆನ್ನಿಗೇ ‘ಬಿಲ್ ತಪ್ಪಾಗಿದೆ, ಸರಿಪಡಿಸಿ’ ಎಂಬ ಎರಡು ಸಾಲಿನ ಅರ್ಜಿ ಹೋಗುತ್ತದೆ. ಬಿಲ್ ಸರಿಯಾಗಿಯೇ ಇದೆ ಎಂಬ ಉತ್ತರ ಬರುತ್ತದೆ. ಬಹಳಷ್ಟು ಸಲ ಆ ಉತ್ತರ ನಿಜವೂ ಹೌದು. ಅರ್ಜಿಯಲ್ಲಿ ಕೇಳಬೇಕಾದದ್ದೇ ಬೇರೆ ಇರುತ್ತದೆ.

ಮೊದಲು ನಿಮ್ಮ ಸಂಪರ್ಕ ಯಾವುದೆಂದು ನೋಡಿಕೊಳ್ಳಿ. ಎಲ್‌ಟಿ, ಅಂದರೆ ಕಡಿಮೆ ವೋಲ್ಟೇಜಿನ ಸಂಪರ್ಕದಲ್ಲಿ ನಿಗದಿತ ಶುಲ್ಕ ಮಂಜೂರಾದ ಹಾರ್ಸ್‌ಪವರ್ ಅಥವಾ ಕಿಲೋವ್ಯಾಟ್ ಲೆಕ್ಕದಲ್ಲಿ ಬೀಳುತ್ತದೆ. ಕೆಪ್ಯಾಸಿಟರ್ ಕಿಲೋವ್ಯಾಟ್ ಇಳಿಸುವುದಿಲ್ಲ, ಹಾಗಾಗಿ ಅಲ್ಲಿ ಪವರ್ ಫ್ಯಾಕ್ಟರ್ ದಂಡ ತಪ್ಪುವುದಷ್ಟೇ ಲಾಭ. ಈ ಪತ್ರ ಕೆಲಸಕ್ಕೆ ಬರುವುದು ಎಚ್‌ಟಿ, ಅಂದರೆ ಹೆಚ್ಚು ವೋಲ್ಟೇಜಿನ ಸಂಪರ್ಕದ ಗ್ರಾಹಕರಿಗೆ. ಅವರ ಗರಿಷ್ಠ ಬೇಡಿಕೆ, ಅಂದರೆ ಎಂ.ಡಿ., ದಾಖಲಾಗುವುದು ಕೆವಿಎ ಲೆಕ್ಕದಲ್ಲಿ, ಅಂದರೆ ಕೆಲಸ ಮಾಡುವ ಕಿಲೋವ್ಯಾಟ್ ಜೊತೆ ಕಾಂತಕ್ಷೇತ್ರದ ಕರೆಂಟೂ ಸೇರಿದ ಲೆಕ್ಕದಲ್ಲಿ. ಮೋಟಾರುಗಳು ಕಾಂತಕ್ಷೇತ್ರಕ್ಕಾಗಿ ಎಳೆಯುವ ಕರೆಂಟನ್ನು ಕೆಪ್ಯಾಸಿಟರ್ ಕಾರ್ಖಾನೆಯೊಳಗೇ ಒದಗಿಸುತ್ತದೆ. ಅಷ್ಟು ಕರೆಂಟು ಮೀಟರ್ ದಾಟಿ ಬರಬೇಕಿಲ್ಲವಾದ್ದರಿಂದ ಕೆವಿಎ ಇಳಿಯುತ್ತದೆ.

ಒಂದು ಲೆಕ್ಕ ಹಾಕೋಣ

ಹುಬ್ಬಳ್ಳಿಯ ಒಂದು ಮಶಿನ್ ಶಾಪ್ ಎಂದುಕೊಳ್ಳಿ. ಲೇತ್, ಪ್ರೆಸ್, ಕಂಪ್ರೆಸರ್ ಎಲ್ಲ ಸೇರಿ ಕೆಲಸ ಜೋರಿದ್ದಾಗ 144 ಕಿಲೋವ್ಯಾಟ್ ಎಳೆಯುತ್ತದೆ. ಪವರ್ ಫ್ಯಾಕ್ಟರ್, ಅಂದರೆ ಕೆವಿಎಯಲ್ಲಿ ಕಿಲೋವ್ಯಾಟ್‌ನ ಪಾಲು, 0.80 ಇದ್ದಾಗ 144 ಭಾಗಿಸು 0.80, ಅಂದರೆ 180 ಕೆವಿಎ. ಕರಾರು ಬೇಡಿಕೆ, ಅಂದರೆ ಸಿ.ಡಿ., 200 ಕೆವಿಎ.

ಮಾಲೀಕರು 25 ಕೆವಿಎಆರ್‌ನ ಮೂರು ಕೆಪ್ಯಾಸಿಟರ್ ಹಾಕಿಸಿದರು, ಒಟ್ಟು 75. ಇಲ್ಲೊಂದು ಸೂಕ್ಷ್ಮವಿದೆ. ಕೆಪ್ಯಾಸಿಟರ್ ಮೇಲೆ ಬರೆದಿರುವುದು 440 ವೋಲ್ಟ್‌ನ ಅಳತೆ. ನಮ್ಮ ಲೈನಿನ 415 ವೋಲ್ಟ್‌ನಲ್ಲಿ ಅದು ಕೊಡುವುದು ಸುಮಾರು ಶೇ 89 ಮಾತ್ರ, ಅಂದರೆ 75ರ ಬದಲು 67 ಕೆವಿಎಆರ್‌ಗೆ ತುಸು ಕಡಿಮೆ. ಈ ಕಾರ್ಖಾನೆಗೆ ಅಷ್ಟು ಸಾಕು. ಪವರ್ ಫ್ಯಾಕ್ಟರ್ 0.96ಕ್ಕೆ ಏರಿತು, ಎಂ.ಡಿ. 150 ಕೆವಿಎಗೆ ಇಳಿಯಿತು.

ಈಗ ಬಿಲ್ ನೋಡಿ. ಎಚ್‌ಟಿಯಲ್ಲಿ ಶುಲ್ಕ ಹಾಕುವುದು ಮೀಟರ್‌ನಲ್ಲಿ ದಾಖಲಾದ ಎಂ.ಡಿ. ಮೇಲೆ, ಇಲ್ಲವೇ ಸಿ.ಡಿ.ಯ ಇಂತಿಷ್ಟು ಶೇಕಡಾದ ಮೇಲೆ. ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಆ ಶೇಕಡಾ ಎಷ್ಟು, ಪ್ರತಿ ಕೆವಿಎಗೆ ದರ ಎಷ್ಟು ಎಂಬುದನ್ನು ನಿಮ್ಮ ಬಿಲ್ಲಿನ ತಿಂಗಳಿಗೆ ಜಾರಿಯಲ್ಲಿರುವ, ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಅಂದರೆ ಕೆಇಆರ್‌ಸಿಯ ದರ ಆದೇಶದಲ್ಲಿ ನೋಡಿಕೊಳ್ಳಿ. ಲೆಕ್ಕ ಹಗುರಾಗಲೆಂದು ಇಲ್ಲಿ ಶೇ 85 ಮತ್ತು 300 ರೂಪಾಯಿ ಇಟ್ಟುಕೊಳ್ಳುತ್ತೇನೆ.

200ರ ಶೇ 85 ಅಂದರೆ 170. ಮೊದಲು 180ಕ್ಕೆ 54,000 ರೂಪಾಯಿ ಕಟ್ಟುತ್ತಿದ್ದರು. ಈಗ ಮೀಟರ್ 150 ತೋರಿಸಿದರೂ ಬಿಲ್ ಆಗುವುದು 170ಕ್ಕೆ, 51,000 ರೂಪಾಯಿ. ಒಂಬತ್ತು ಸಾವಿರ ಉಳಿಯುತ್ತದೆ ಎಂದುಕೊಂಡ ಮಾಲೀಕರಿಗೆ ಮೂರು ಸಾವಿರ ಮಾತ್ರ ಉಳಿಯಿತು. ಬಿಲ್ಲಿನಲ್ಲಿ ತಪ್ಪೇನೂ ಇಲ್ಲ. ಉಳಿದ ಆರು ಸಾವಿರ ಸಿಕ್ಕಿಕೊಂಡಿರುವುದು ಹಳೆಯ ಸಿ.ಡಿ.ಯಲ್ಲಿ. ಆದ್ದರಿಂದ ಪತ್ರದಲ್ಲಿ ಕೇಳಬೇಕಾದದ್ದು ಬಿಲ್ ತಿದ್ದುಪಡಿಯಲ್ಲ, ಕರಾರು ಬೇಡಿಕೆಯ ಇಳಿಕೆ.

ಎಷ್ಟಕ್ಕೆ ಇಳಿಸಬೇಕು?

ಎಂ.ಡಿ. 150 ಬಂತೆಂದು 150ಕ್ಕೇ ಇಳಿಸಿಕೊಂಡರೆ ಕೆಟ್ಟಿರಿ. ಎಂ.ಡಿ. ಸಿ.ಡಿ.ಯನ್ನು ದಾಟಿದರೆ ಹೆಚ್ಚಾದಷ್ಟಕ್ಕೆ ದುಪ್ಪಟ್ಟು ದರ ಬೀಳುತ್ತದೆ. ಕೆಪ್ಯಾಸಿಟರ್‌ಗಳು ಕೆಡುವ ವಸ್ತು. ನಮ್ಮ ಬೇಸಿಗೆಯ ಶೆಡ್ಡಿನಲ್ಲಿ ಇನ್ನೂ ಬೇಗ. ಆದ್ದರಿಂದ ಒಂದು ಕೆಟ್ಟರೆ ಏನಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. ನಮ್ಮ ಕಾರ್ಖಾನೆಯಲ್ಲಿ ಮೂರರಲ್ಲಿ ಒಂದು ಕೆಟ್ಟರೆ ಎಂ.ಡಿ. ಸುಮಾರು 157ಕ್ಕೆ ಏರುತ್ತದೆ, ಎರಡು ಕೆಟ್ಟರೆ 168ರ ಹತ್ತಿರ ಹೋಗುತ್ತದೆ. ಒಂದು ಕೆಟ್ಟಾಗಲೂ ದಾಟದಂತೆ, ಮೇಲೆ ತುಸು ಜಾಗ ಬಿಟ್ಟು, 165 ಕೆವಿಎ ಕೇಳುವುದು ಒಳ್ಳೆಯದು. 165ರ ಶೇ 85 ಅಂದರೆ ಸುಮಾರು 140. ಆಗ ಬಿಲ್ ನಿಜವಾದ 150ಕ್ಕೇ ಆಗಿ 45,000 ರೂಪಾಯಿಗೆ ಇಳಿಯುತ್ತದೆ.

ಮೂರೂ ಕೈಕೊಟ್ಟರೆ? ಎಂ.ಡಿ. ಮತ್ತೆ 180. 165ಕ್ಕೆ 49,500, ಮೇಲಿನ 15ಕ್ಕೆ ದುಪ್ಪಟ್ಟು ದರದಲ್ಲಿ 9,000, ಒಟ್ಟು 58,500. ಕೆಪ್ಯಾಸಿಟರ್ ಇಲ್ಲದ ಕಾಲಕ್ಕಿಂತಲೂ ಹೆಚ್ಚು! ಸಿ.ಡಿ. ಇಳಿಸಿದ ಮೇಲೆ ಕ್ಲಾಂಪ್ ಮೀಟರ್ ಹಿಡಿದು ಆಗಾಗ ನೋಡುವುದು ಇದೇ ಕಾರಣಕ್ಕೆ. 25 ಕೆವಿಎಆರ್‌ನದು ಸರಿಯಿದ್ದರೆ 415 ವೋಲ್ಟ್‌ನಲ್ಲಿ ಪ್ರತಿ ಫೇಸಿಗೆ 31 ಆಂಪಿಯರ್ ಆಸುಪಾಸು ತೋರಿಸುತ್ತದೆ. ಒಂದು ಫೇಸಿನಲ್ಲಿ ಏನೂ ಇಲ್ಲವೆಂದರೆ ಫ್ಯೂಸ್ ಹೋಗಿರಬಹುದು. ಮೂರರಲ್ಲೂ ಇಪ್ಪತ್ತರ ಹತ್ತಿರ ಬಂದರೆ ಕೆಪ್ಯಾಸಿಟರ್ ಸೊರಗಿದೆ. ಇಂಡಕ್ಷನ್ ಫರ್ನೇಸ್ ಅಥವಾ ಡ್ರೈವ್‌ಗಳು ಹೆಚ್ಚಿರುವ ಕಡೆ ಹಾರ್ಮೋನಿಕ್ಸ್‌ನಿಂದ ಇವು ಬೇಗ ಸೊರಗುತ್ತವೆ. ಅಂಥವರು ರಿಯಾಕ್ಟರ್ ಜೋಡಿಸಿದ ಪ್ಯಾನೆಲ್ ಹಾಕಿಸಿ, ಅದು ಸರಿಯಾಗಿ ನಿಂತ ಮೇಲೆಯೇ ಸಿ.ಡಿ. ಮಾತು ತೆಗೆಯುವುದು ಲೇಸು.

ಪುರಾವೆ ಕೂಡಿಸಿ

ಕೆಪ್ಯಾಸಿಟರ್ ಹಾಕಿದ ತಿಂಗಳ ಬಿಲ್ ಹಿಡಿದುಕೊಂಡು ಓಡಬೇಡಿ. 15 ಅಥವಾ 30 ನಿಮಿಷದ ಸರಾಸರಿಗಳಲ್ಲಿ ಅತಿ ಹೆಚ್ಚಿನದನ್ನು ಮೀಟರ್ ಹಿಡಿದಿಟ್ಟುಕೊಳ್ಳುತ್ತದೆ, ರೀಡಿಂಗ್ ದಿನ ರೀಸೆಟ್ ಆಗುವವರೆಗೂ ಬಿಡುವುದಿಲ್ಲ. ತಿಂಗಳ ಮಧ್ಯದಲ್ಲಿ ಕೆಪ್ಯಾಸಿಟರ್ ಹಾಕಿದ್ದರೆ ಮೊದಲ ವಾರದ 180 ಆ ಬಿಲ್ಲಿನಲ್ಲಿ ಕೂತೇ ಇರುತ್ತದೆ. ನಂತರದ ಮೂರು ಪೂರ್ಣ ತಿಂಗಳ ಬಿಲ್ ಬರಲಿ.

ಅವುಗಳಲ್ಲಿ ಕೆವಿಎ ಮಾತ್ರ ನೋಡದೆ ಕಿಲೋವ್ಯಾಟ್ ಕೂಡ ನೋಡಿ. ಕಿಲೋವ್ಯಾಟ್ 144ರ ಆಸುಪಾಸಿನಲ್ಲೇ ಇದ್ದು ಕೆವಿಎ 180ರಿಂದ 150ಕ್ಕೆ ಬಂದಿದ್ದರೆ ಅದು ಕೆಪ್ಯಾಸಿಟರ್‌ನ ಕೆಲಸ. ಎರಡೂ ಒಟ್ಟಿಗೆ ಇಳಿದಿದ್ದರೆ ನಿಮ್ಮ ಆರ್ಡರ್ ಕಡಿಮೆಯಾಗಿದೆ ಎಂದರ್ಥ. ಆರ್ಡರ್ ಮರಳಿದ ತಿಂಗಳು ಎಂ.ಡಿ.ಯೂ ಮರಳುತ್ತದೆ. ಬಿಲ್ಲಿನಲ್ಲಿ ಗರಿಷ್ಠ ಕಿಲೋವ್ಯಾಟ್ ಸಿಗದಿದ್ದರೆ ಮೀಟರ್‌ನೊಳಗಿನ ಲೋಡ್ ಸರ್ವೇ ಮಾಹಿತಿ ತೆಗೆದುಕೊಡಿ ಎಂದು ಕೇಳಿ, ಅದರಲ್ಲಿ ದಿನ, ಹೊತ್ತು ಸಮೇತ ಇರುತ್ತದೆ. ಗದಗಿನ ಜಿನ್ನಿಂಗ್ ಮಿಲ್ಲಿನಂಥ ಹಂಗಾಮಿನ ಉದ್ಯಮದವರು ಮಳೆಗಾಲದ ಮೂರು ಬಿಲ್ ಇಟ್ಟುಕೊಂಡು ಸಿ.ಡಿ. ಇಳಿಸಿದರೆ ಹತ್ತಿ ಬಂದಾಗ ದುಪ್ಪಟ್ಟು ದರ ಕಟ್ಟಬೇಕಾಗುತ್ತದೆ. ಅವರ ಪುರಾವೆ ಹಂಗಾಮಿನದೇ ಆಗಿರಬೇಕು.

ಪತ್ರ ಹೀಗಿರಲಿ

ಬಿಲ್ಲಿನ ಮೇಲೆ ನಿಮ್ಮ ಉಪವಿಭಾಗದ ಹೆಸರು ಇರುತ್ತದೆ. ಪತ್ರ ಅಲ್ಲಿನ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರರಿಗೆ, ಅದರ ಒಂದು ನಕಲು ವಿಭಾಗದ ಕಾರ್ಯನಿರ್ವಾಹಕ ಇಂಜಿನಿಯರರಿಗೆ. ಒಂದೇ ಪುಟ ಸಾಕು.

ಇವರಿಗೆ,
ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ (ವಿ),
ಹೆಸ್ಕಾಂ, ............ ಉಪವಿಭಾಗ, ಹುಬ್ಬಳ್ಳಿ.

ಮಾನ್ಯರೇ,

ವಿಷಯ: ಕೆಪ್ಯಾಸಿಟರ್ ಅಳವಡಿಸಿದ ನಂತರ ಗರಿಷ್ಠ ಬೇಡಿಕೆ ಶುಲ್ಕದ ಪರಿಶೀಲನೆ ಹಾಗೂ ಕರಾರು ಬೇಡಿಕೆಯನ್ನು 200 ಕೆವಿಎಯಿಂದ 165 ಕೆವಿಎಗೆ ಇಳಿಸುವ ಕುರಿತು.
ಉಲ್ಲೇಖ: ಆರ್.ಆರ್. ನಂಬರ್ ............, ಎಚ್‌ಟಿ ಕೈಗಾರಿಕಾ ಸಂಪರ್ಕ.

ನಮ್ಮ ಕಾರ್ಖಾನೆಯಲ್ಲಿ ದಿನಾಂಕ ............ರಂದು ಒಟ್ಟು 75 ಕೆವಿಎಆರ್ ಸಾಮರ್ಥ್ಯದ ಕೆಪ್ಯಾಸಿಟರ್ ಪ್ಯಾನೆಲ್ ಅಳವಡಿಸಲಾಗಿದೆ. ಅದಕ್ಕೂ ಮೊದಲು ದಾಖಲಾಗುತ್ತಿದ್ದ ಗರಿಷ್ಠ ಬೇಡಿಕೆ 180 ಕೆವಿಎ. ನಂತರದ ಮೂರು ತಿಂಗಳಲ್ಲಿ ಅದು 150 ಕೆವಿಎ ಮೀರಿಲ್ಲ. ಇದೇ ಅವಧಿಯಲ್ಲಿ ಕಿಲೋವ್ಯಾಟ್ ಬೇಡಿಕೆ ಮೊದಲಿನಂತೆ 144ರ ಆಸುಪಾಸಿನಲ್ಲಿದ್ದು, ಉತ್ಪಾದನೆ ಕಡಿಮೆಯಾಗಿಲ್ಲ. ಆದರೆ ಕರಾರು ಬೇಡಿಕೆ 200 ಕೆವಿಎ ಇರುವುದರಿಂದ ಬಿಲ್ 170 ಕೆವಿಎಗೆ ಆಗುತ್ತಿದೆ.

ಆದ್ದರಿಂದ ಮೀಟರ್‌ನ ಲೋಡ್ ಸರ್ವೇ ಮಾಹಿತಿಯನ್ನು ಪರಿಶೀಲಿಸಿ ಮೇಲಿನ ಅಂಕಿಗಳನ್ನು ದೃಢಪಡಿಸಬೇಕೆಂದೂ, ಕರಾರು ಬೇಡಿಕೆಯನ್ನು 165 ಕೆವಿಎಗೆ ಇಳಿಸಿ, ಯಾವ ಬಿಲ್ಲಿನಿಂದ ಜಾರಿಯಾಗುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇನೆ. ಪರಿಷ್ಕೃತ ಕರಾರು ಪತ್ರಕ್ಕೆ ಸಹಿ ಮಾಡಲು ಹಾಗೂ ಸ್ಥಳ ಪರಿಶೀಲನೆಗೆ ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ, ಮೊಹರು)

ಲಗತ್ತು: ಮೊದಲಿನ ಮೂರು ಹಾಗೂ ನಂತರದ ಮೂರು ತಿಂಗಳ ಬಿಲ್‌ಗಳು, ಕೆಪ್ಯಾಸಿಟರ್ ಖರೀದಿ ಬಿಲ್, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಅಳವಡಿಕೆ ವರದಿ.

ಏನು ಬರೆಯಬಾರದು ಎಂಬುದೂ ಮುಖ್ಯ. ಹಿಂದಿನ ತಿಂಗಳ ಹಣ ವಾಪಸ್ ಕೊಡಿ ಎನ್ನಬೇಡಿ. ಆಗ 180 ಎಳೆದದ್ದು ನಿಜ, ಆ ಒಂದು ಸಾಲಿನಿಂದ ಇಡೀ ಪತ್ರ ತಕರಾರಿನ ಕಡತಕ್ಕೆ ಹೋಗುತ್ತದೆ. ಪವರ್ ಫ್ಯಾಕ್ಟರ್ ದಂಡದ ಪ್ರಸ್ತಾಪವೂ ಬೇಡ. ಎಚ್‌ಟಿಯಲ್ಲಿ ಅದು ಬೀಳುವುದು ತಿಂಗಳ ಸರಾಸರಿ 0.90ಕ್ಕಿಂತ ಕೆಳಗಿಳಿದಾಗ, ಸರಾಸರಿ ಏರಿದ ತಿಂಗಳು ತಾನಾಗಿಯೇ ಮಾಯವಾಗುತ್ತದೆ. ಮೀಟರ್ ರೀಸೆಟ್ ಆಗದೆ ಹಳೆಯ ಎಂ.ಡಿ. ಮುಂದಿನ ಬಿಲ್ಲಿಗೂ ಬಂದಿದ್ದರೆ ಅದು ನಿಜವಾದ ಬಿಲ್ ತಪ್ಪು. ಅದಕ್ಕೆ ಮೀಟರ್ ಪರದೆಯ ಫೋಟೊ ಹಚ್ಚಿ ಬೇರೆ ಅರ್ಜಿ ಕೊಡಿ.

ಪತ್ರ ಕೊಟ್ಟು ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಸಹಿ ಮಾಡುವ ಮೊದಲು ಮುಂದಿನ ವರ್ಷ ಹೊಸ ಮಶಿನ್ ತರುವ ಯೋಚನೆ ಇದೆಯೇ ಎಂದು ನೀವೇ ಕೇಳಿಕೊಳ್ಳಿ, ಸಿ.ಡಿ. ಮತ್ತೆ ಏರಿಸಬೇಕಾದರೆ ಹೊಸ ಅರ್ಜಿ, ಹೊಸ ಠೇವಣಿ ಎಲ್ಲ ಮೊದಲಿಂದ ಶುರು. ಉತ್ತರವೇ ಬಾರದಿದ್ದರೆ ಸ್ವೀಕೃತಿಯ ಪ್ರತಿ ಹಚ್ಚಿ ಕಾರ್ಯನಿರ್ವಾಹಕ ಇಂಜಿನಿಯರರಿಗೆ ನೆನಪಿನ ಪತ್ರ ಕೊಡಿ. ಅದಕ್ಕೂ ಮಣಿಯದಿದ್ದರೆ 2003ರ ವಿದ್ಯುತ್ ಕಾಯ್ದೆಯಡಿ ರಚನೆಯಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಅಲ್ಲಿಯವರೆಗೆ ಹಳೆಯ ಸಿ.ಡಿ.ಯ ಬಿಲ್ಲನ್ನೇ ಗಡುವಿನೊಳಗೆ ಕಟ್ಟುತ್ತಿರಿ, ಅರ್ಜಿ ಬಾಕಿ ಇದೆ ಎಂದು ಸಂಪರ್ಕ ಕಡಿತ ನಿಲ್ಲುವುದಿಲ್ಲ.