ಹಂಚಿನ ಮನೆಗೆ ಬಲ್ಬ್ ಆರಿಸಿದ ಬಗೆ

ತೀರ್ಥಹಳ್ಳಿ ಕಡೆ ಹಳೇ ಮನೆಗಳಿಗೆ ವೈರಿಂಗ್ ಮಾಡುವವನು ನಾನು. ಜನ ಯಾವಾಗಲೂ ಕೇಳುವುದು, "ಎಷ್ಟು ವ್ಯಾಟಿಂದು ಹಾಕೋಣ?" ಅಂತಲೇ. ವ್ಯಾಟ್ ಅಂದರೆ ಬಲ್ಬ್ ತಿನ್ನುವ ಕರೆಂಟಿನ ಲೆಕ್ಕ. ಅದು ಕೊಡುವ ಬೆಳಕು ಗೊತ್ತಾಗಬೇಕಾದರೆ ಡಬ್ಬಿಯ ಮೇಲೆ ಲುಮೆನ್ ಎಷ್ಟು ಅಂತ ನೋಡಬೇಕು. ಒಂದೇ 9 ವ್ಯಾಟಿನಲ್ಲಿ ಒಂದು ಎಲ್‌ಇಡಿ ಬಲ್ಬ್ 720 ಲುಮೆನ್ ಕೊಟ್ಟರೆ ಇನ್ನೊಂದು 900 ಕೊಡುತ್ತದೆ. ಹಳೇ 60 ವ್ಯಾಟಿನ ಬುರುಡೆ ಬಲ್ಬ್ ಕೊಡುತ್ತಿದ್ದದ್ದು ಸುಮಾರು 700 ಲುಮೆನ್.

ಪೇಟೆಯ ತಾರಸಿ ಮನೆಯಾದರೆ ನನ್ನ ಲೆಕ್ಕ ಸುಲಭ. ಹತ್ತು ಹನ್ನೆರಡು ಅಡಿಯ ರೂಮಿಗೆ 2000 ಲುಮೆನ್ನಿನ ಒಂದು ಟ್ಯೂಬ್, ಬರೀ ಮಲಗುವುದಕ್ಕಾದರೆ ಅದರ ಅರ್ಧ. ಬಿಳಿ ಗೋಡೆ, ಬಿಳಿ ಸೀಲಿಂಗು ಬೆಳಕನ್ನು ವಾಪಸ್ ಕಳಿಸುತ್ತವೆ. ನಮ್ಮ ಹಂಚಿನ ಮನೆಯಲ್ಲಿ ಮೇಲೆ ಇರುವುದು ಮಸಿ ಹಿಡಿದ ಪಕಾಸು, ರೀಪು. ಮೇಲೆ ಹೋದ ಬೆಳಕು ಅಲ್ಲೇ ಉಳಿಯುತ್ತದೆ.

ಹೋದ ವರ್ಷ ಒಂದು ಅಡಿಕೆ ತೋಟದ ಮನೆಯಲ್ಲಿ ಅಡುಗೆಮನೆಯ ಕೆಲಸ ಇತ್ತು. ನೆಲದಿಂದ ಹದಿಮೂರು ಅಡಿ ಎತ್ತರದಲ್ಲಿ, ತೊಲೆಗೆ ಹೋಲ್ಡರ್ ಹೊಡೆದು ಒಂದು 9 ವ್ಯಾಟಿನ ಬೆಳ್ಳನೆ ಬಲ್ಬ್ ಹಾಕಿದ್ದರು. "ಬಲ್ಬೇನೋ ಉರೀತದೆ ಮಾರಾಯ, ಅಕ್ಕಿಯೊಳಗಿನ ಕಲ್ಲು ಮಾತ್ರ ಕಾಣಲ್ಲ" ಅಂದರು ಮನೆಯ ಅಮ್ಮ. ಅವರ ಮಗ 20 ವ್ಯಾಟಿನ ಬಲ್ಬನ್ನೇ ತಂದಿಟ್ಟಿದ್ದ.

ನಾನು ಮೊದಲು ಬಲ್ಬನ್ನು ಕೆಳಗೆ ಇಳಿಸಿದೆ. ಕಟ್ಟೆ ಮೂರು ಅಡಿ ಎತ್ತರ, ಅಂದರೆ ಬಲ್ಬು ಅದರಿಂದ ಹತ್ತು ಅಡಿ ಮೇಲಿತ್ತು. ವೈರ್ ಇಳಿಬಿಟ್ಟು ಆ ದೂರವನ್ನು ಐದು ಅಡಿಗೆ ತಂದೆ. ದೂರ ಅರ್ಧ ಆದರೆ ನೇರವಾಗಿ ಬೀಳುವ ಬೆಳಕು ನಾಲ್ಕು ಪಟ್ಟು ಆಗುತ್ತದೆ. 20 ವ್ಯಾಟಿನದನ್ನು ಮೇಲೇ ಹಾಕಿದ್ದರೆ ಎರಡು ಪಟ್ಟು ಆಗುತ್ತಿತ್ತು, ಅಷ್ಟೇ. ಇನ್ನೊಂದು ತೊಂದರೆ, ಬಲ್ಬ್ ಕೋಣೆಯ ನಡುವೆ ಇತ್ತು. ಅಮ್ಮ ಕಟ್ಟೆ ಹತ್ರ ನಿಂತರೆ ಅವರ ನೆರಳೇ ಈಳಿಗೆಮಣೆ ಮೇಲೆ ಬೀಳುತ್ತಿತ್ತು. ಹಾಗಾಗಿ ಬಲ್ಬನ್ನು ಕಟ್ಟೆಯ ನೇರಕ್ಕೆ ಸರಿಸಿದೆ. ಒಲೆಯ ಮೇಲೆ ಮಾತ್ರ ಬೇಡ ಅಂತ ಒಂದೂವರೆ ಅಡಿ ಪಕ್ಕಕ್ಕೆ ಇಟ್ಟೆ. ಹಬೆ, ಎಣ್ಣೆ ಜಿಡ್ಡು ಕೂತರೆ ಎಂಥ ಬಲ್ಬೂ ಮಂಕಾಗುತ್ತದೆ. ಕಣ್ಣಿಗೆ ಚುಚ್ಚದ ಹಾಗೆ ಒಂದು ಬಿಳಿ ತಗಡಿನ ಟೋಪಿ ಹಾಕಿದೆ. ಬಲ್ಬು 12 ವ್ಯಾಟ್, 1200 ಲುಮೆನ್.

ಬಣ್ಣಕ್ಕೆ ಡಬ್ಬಿಯ ಮೇಲೆ ಕೆಲ್ವಿನ್ ಅಂತ ಇರುತ್ತದೆ. 2700ರಿಂದ 3000 ಅಂದರೆ ಹಳೇ ಬುರುಡೆ ಬಲ್ಬಿನ ಹಳದಿ, 4000 ತಿಳಿ ಬಿಳಿ, 6500 ನೀಲಿ ಬೆರೆತ ಬಿಳಿ. ನಮ್ಮ ಊರಿನ ಅಂಗಡಿಗಳಲ್ಲಿ ಕೇಳದೇ ಕೊಡುವುದು 6500. ಬೆಳ್ಳಗಿದ್ದರೆ ಬೆಳಕು ಜಾಸ್ತಿ ಅಂತ ತುಂಬಾ ಜನ ನಂಬಿದ್ದಾರೆ. ಅದು ಸುಮ್ನೆ. ಬೆಳಕಿನ ಅಳತೆ ಲುಮೆನ್ನೇ. ಅಡುಗೆಮನೆಗೆ ನಾನು 4000 ಹಾಕಿದೆ, ತರಕಾರಿಯ ಬಣ್ಣ ಸರಿಯಾಗಿ ಕಾಣಲಿ ಅಂತ.

ಜಗುಲಿಗೆ 3000. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಹುಳುಗಳ ಕಾಟ ನಮ್ಮಲ್ಲಿ ಹೇಗಿರುತ್ತದೆ ಗೊತ್ತಲ್ವಾ? ನೀಲಿ ಅಂಶ ಜಾಸ್ತಿ ಇರುವ ಬೆಳಕಿಗೆ ಅವು ಹೆಚ್ಚು ಮುತ್ತುತ್ತವೆ. ಹಳದಿ ಹಾಕಿದರೆ ಬರುವುದೇ ಇಲ್ಲ ಅಂತಲ್ಲ, ಕಡಿಮೆ ಬರುತ್ತವೆ. ಅದೇ ಜಗುಲಿಯಲ್ಲಿ ರಾತ್ರಿ ಕೂತು ಅಡಿಕೆ ಸುಲಿಯುತ್ತಾರೆ. ಅಲ್ಲಿ ಒಂದು ದೊಡ್ಡ ಬಲ್ಬಿನ ಬದಲು ಎರಡು ಕಡೆಯಿಂದ 900 ಲುಮೆನ್ನಿನ ಎರಡು ಬಲ್ಬ್ ಕೊಟ್ಟೆ. ಮೆಟ್ಟುಗತ್ತಿಯ ಬಾಯಿಯ ಮೇಲೆ ಕೈಯ ನೆರಳು ಬೀಳಬಾರದು ನೋಡಿ.

ಬಚ್ಚಲುಮನೆಗೆ ಗಾಜಿನ ಮುಚ್ಚಳದ ಲೈಟು. ಅದರೊಳಗೆ 5 ವ್ಯಾಟಿಗಿಂತ ದೊಡ್ಡದು ನಾನು ಹಾಕುವುದಿಲ್ಲ. ಎಲ್‌ಇಡಿಯ ಬುಡದಲ್ಲೇ ಅದರ ಸರ್ಕ್ಯೂಟ್ ಇರುತ್ತದೆ. ಮುಚ್ಚಿದ ಕಡೆ ಬಿಸಿ ಹೊರಗೆ ಹೋಗದೆ ಅದು ಬೇಗ ಸಾಯುತ್ತದೆ. ಬಲ್ಬ್ ಮಿಣುಕಲು ಶುರು ಮಾಡಿದರೆ ಸಾಮಾನ್ಯವಾಗಿ ಒಂದೋ ಅದೇ ಕಾರಣ, ಇಲ್ಲಾ ಹೋಲ್ಡರ್. ಹೊಸ ಬಲ್ಬ್ ತರುವ ಮುಂಚೆ ಇದ್ದದ್ದನ್ನು ಬಿಚ್ಚಿ ಅದರ ಬುಡ ನೋಡಿ. ಸೀಸದ ಎರಡು ಚುಕ್ಕಿಯಲ್ಲಿ ಕಪ್ಪು ಕಲೆ ಇದ್ದರೆ ಹೋಲ್ಡರಿನ ಸ್ಪ್ರಿಂಗ್ ಸೋತಿದೆ ಅಂತ ಅರ್ಥ. ಮಲೆನಾಡಿನ ಥಂಡಿಗೆ ಇದು ಮಾಮೂಲು. ಬಲ್ಬ್ ಅಲ್ಲ, ಹೋಲ್ಡರ್ ಬದಲಿಸಬೇಕು.

ನಮ್ಮ ಮನೆಗಳಲ್ಲಿ ಇರುವುದು ಹೆಚ್ಚಾಗಿ ಎರಡು ಪಿನ್ನಿನ ಬಿ22 ಹೋಲ್ಡರ್. ಪೇಟೆಯಿಂದ ತಂದ ಅಲಂಕಾರದ ಲೈಟುಗಳಲ್ಲಿ ತಿರುಗಿಸಿ ಕೂರಿಸುವ ಇ27, ಸಣ್ಣದಾದರೆ ಇ14 ಇರುತ್ತದೆ. ಇವುಗಳಲ್ಲಿ ಫೇಸ್ ವೈರ್ ನಡುವಿನ ಪಟ್ಟಿಗೆ ಬರಬೇಕು, ತಿರುಪಿನ ಕಡೆಗೆ ನ್ಯೂಟ್ರಲ್. ತಪ್ಪಿದರೆ ಸ್ವಿಚ್ ಹಾಕಿರುವಾಗ ಬಲ್ಬ್ ತಿರುಗಿಸುವವರ ಬೆರಳಿಗೆ ಶಾಕ್ ಹೊಡೆಯಬಹುದು. ಆ ಮನೆಯ ಪಡಸಾಲೆಯ ತೂಗುದೀಪ ಹಾಗೇ ಇತ್ತು. ಮೇನ್ ಆಫ್ ಮಾಡಿ ಎರಡು ವೈರ್ ಅದಲು ಬದಲು ಮಾಡಿದೆ. ಆಮೇಲೆ ಮೇನ್ ಹಾಕಿ ಟೆಸ್ಟರ್ ಇಟ್ಟರೆ ನಡುವಿನ ಪಟ್ಟಿಯಲ್ಲಿ ಮಾತ್ರ ದೀಪ ಹತ್ತಿತು.