ಮುಖ ಬರೆಯದ ಹೀರೋ

ತೋಟದಲ್ಲಿ ನಾನು ರೈಟರ್. ಅಂದ್ರೆ ಕೂಲಿ, ಗೊಬ್ಬರದ ಲೆಕ್ಕ ಬರೆಯುವವನು. ರಾತ್ರಿ ಪ್ರೇಮಕಥೆ ಬರೀತೀನಿ ಅಂದಾಗ ಸೋಮವಾರಪೇಟೆಯ ಗೆಳೆಯರು ನಕ್ಕರು. ನಕ್ಕಿದ್ದು ಸರಿಯೇ. ಮೊದಲ ಕಾದಂಬರಿಗೆ ಕೈಯಿಂದ 38 ಸಾವಿರವೋ ಏನೋ ಹಾಕಿ 500 ಪ್ರತಿ ಮಾಡಿಸಿದೆ. ನೂರು ಚಿಲ್ಲರೆ ಮಾರಿತು. ಉಳಿದದ್ದಕ್ಕೆ ಮಂಚದಡಿ ಆಷಾಢದ ಥಂಡಿಯಲ್ಲಿ ಬೂಷ್ಟು ಹಿಡಿಯಿತು.

ಆ ಹೀರೋಗೆ ಆರಡಿ ಎತ್ತರ, ಕಂದು ಕಣ್ಣು, ನೂರು ಎಕರೆ ತೋಟ, ಜೀಪು ಎಲ್ಲ ಕೊಟ್ಟಿದ್ದೆ. ಒಬ್ಬರೂ ಅವನ ಹೆಸರು ನೆನಪಿಟ್ಟುಕೊಳ್ಳಲಿಲ್ಲ.

ಎರಡನೆಯದನ್ನು ಮೊಬೈಲಲ್ಲಿ ವಾರಕ್ಕೊಂದು ಕಂತಿನಂತೆ ಕಳಿಸಿದೆ. ಈ ಸಲದವನು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ರಿಪೇರಿ ಮಾಡುವವನು. ಮುಖ ಹೇಗಿದೆ ಅಂತ ಒಂದು ಸಾಲೂ ಬರೆಯಲಿಲ್ಲ. ಜುಲೈ ಮಳೆಯಲ್ಲಿ ಟೀಚರಮ್ಮ ಬಸ್ಸಿಗೆ ಕಾಯುತ್ತಾ ಅಂಗಡಿ ಬೆಂಚಿನಲ್ಲಿ ಕೂತಿರುತ್ತಾಳೆ. ಅವನು ಮಾತಾಡಿಸುವುದಿಲ್ಲ. ಮರುದಿನ ನೋಡಿದರೆ ಬೆಂಚು ಆಚೆ ಗೋಡೆಗೆ ಸರಿದಿದೆ. "ನಿನ್ನೆ ನೀವು ಕೂತಲ್ಲಿ ಸೋರ್ತಿತ್ತಲ್ವಾ" ಅಂತಾನೆ, ಅಷ್ಟೇ.

ಆ ರಾತ್ರಿ ನಲವತ್ತು ಮೆಸೇಜು ಬಂದವು. ಗೋಣಿಕೊಪ್ಪದ ಒಬ್ಬ ಅಕ್ಕ ಬರೆದಿದ್ದರು: "ನಮ್ಮ ಅಡುಗೆಮನೆ ಹನ್ನೆರಡು ವರ್ಷದಿಂದ ಸೋರ್ತಿದೆ ರೈಟ್ರೇ. ಯಾರೂ ಕತ್ತೆತ್ತಿ ನೋಡಿಲ್ಲ." ಅವರಿಗೆ ಬೇಕಿದ್ದದ್ದು ಚೆಂದದ ಗಂಡಸಲ್ಲ, ತನ್ನನ್ನು ಗಮನಿಸುವವನು. ನನ್ನ ಆರಡಿಯವನು ಕನ್ನಡಿ ಬಿಟ್ಟು ಯಾರನ್ನೂ ನೋಡಿರಲಿಲ್ಲ.

ಸುಮ್ನೆ ಒಂದು ಪರೀಕ್ಷೆಯನ್ನೂ ಮಾಡಿದೆ. ಒಂಬತ್ತನೇ ಕಂತನ್ನು ಒಂದು ಗುಂಪಿಗೆ ಮೀಸೆ, ಕೂದಲು ಸೇರಿಸಿ ಕಳಿಸಿದೆ. ಇನ್ನೊಂದಕ್ಕೆ ಹಾಗೇ ಬಿಟ್ಟೆ. ಮೀಸೆ ಓದಿದವರು ತಣ್ಣಗಾದರು. ಮುಖ ಸಿಗದವರನ್ನು ಅವನು ಹೇಗಿದ್ದಾನೆ ಅಂತ ಕೇಳಿದರೆ ಒಬ್ಬರಿಗೆ ಸೋದರಮಾವನ ಮಗ, ಒಬ್ಬರಿಗೆ ಕಾಲೇಜಿನ ಸೀನಿಯರ್, ಮತ್ತೊಬ್ಬರಿಗೆ ಬಸ್ ಕಂಡಕ್ಟರ್!

ಹೊಸದೇನಲ್ಲ ಬಿಡಿ. ಅಮೆರಿಕದ ರೇಡಿಯೊದಲ್ಲಿ ಹೆಸರು ಹೇಳದ ಹೆಣ್ಣೊಬ್ಬಳು ಒಂಟಿ ಗಂಡಸರ ಜತೆ ಮಾತಾಡುತ್ತಿದ್ದಳು. ಮದುವೆಯಾಗು ಅಂತ ಸಾವಿರಾರು ಕಾಗದ ಬಂದವು ಅಂತ 1956ರಲ್ಲೇ ಹಾರ್ಟನ್, ವೋಲ್ ಎಂಬ ಇಬ್ಬರು ಸಂಶೋಧಕರು ಬರೆದಿದ್ದಾರೆ.

ಕೆಟ್ಟದ್ದು ಹದಿನೆಂಟನೇ ಕಂತಿನಲ್ಲಿ. ಖುಷಿಯಾಗಿ ಮದುವೆ ಮಾಡಿಸಿಬಿಟ್ಟೆ. ಅರವತ್ತು ಬರುತ್ತಿದ್ದ ಮೆಸೇಜು ಹನ್ನೊಂದಕ್ಕೆ ಇಳಿಯಿತು. ಸಿಗ್ತಾನೋ ಇಲ್ವೋ ಅನ್ನುವ ತನಕ ಮಾತ್ರ ಹಂಬಲ ಉರಿಯುತ್ತೆ. ಆಸೆ ಪೂರಾ ಸತ್ತರೂ ಉರಿಯಲ್ಲ, ಪೂರಾ ಈಡೇರಿದರೂ ಉರಿಯಲ್ಲ. ಕೊನೆಗೆ ಆ ಮದುವೆಯನ್ನು ಟೀಚರಮ್ಮನ ಕನಸು ಮಾಡಿ ಪಾರಾದೆ. ಆಮೇಲೆ ಅವನನ್ನು ಎಷ್ಟು ಕಂತು ದೂರ ಇಟ್ಟೆ ಅನ್ನುವ ಲೆಕ್ಕ ಮಾತ್ರ ನನ್ನ ಹತ್ರವೇ ಇರಲಿ. ಕೊನೆ ಕಂತುಗಳಿಗೆ ತಲೆಗೆ ಐವತ್ತು ರೂಪಾಯಿ ಕೇಳಿದೆ. ಹತ್ತಿರ ಹತ್ತಿರ 14 ಸಾವಿರ ಬಂತು, ನಕ್ಕವರಲ್ಲಿ ಇಬ್ಬರದೂ ಸೇರಿ.

ಗೋಣಿಕೊಪ್ಪದ ಅಕ್ಕ ಒಮ್ಮೆ ಫೋನ್ ಮಾಡಿ, ಅವನ ವರ್ಕ್‌ಶಾಪ್ ಎಲ್ಲಿ ಅಂತ ಕೇಳಿದರು. ನನಗೆ ಭಯವಾಯಿತು. "ಅಕ್ಕಾ, ಅಂಥವರು ಯಾರೂ ಇಲ್ಲ" ಅಂದೆ. "ಗೊತ್ತು ಮಾರಾಯ್ರೇ, ಆದ್ರೂ ಕೇಳ್ಬೇಕು ಅನ್ನಿಸ್ತು" ಅಂದರು.

ಈ ಮಳೆಗಾಲಕ್ಕೆ ಮುಂಚೆ ಅವರದೇ ಮೆಸೇಜು: "ಹೆಂಚು ಬದಲಾಯಿಸಿದ್ವಿ. ನಾನೇ ಹಠ ಮಾಡಿದೆ. ಯಾರ ಮಾತು ಕೇಳಿ ಅಂತ ಮನೆಯವರಿಗೆ ಹೇಳಿಲ್ಲ."